ಕಾರ್ಯಾಗಾರಕ್ಕಾಗಿ ಹೋಟೆಲ್‌ಗೆ ಪತ್ರ ಬರೆಯುವಾಗ

ಪ್ರಶ್ನೆ: ನಮ್ಮ ಕಂಪನಿಯ ಎರಡು ದಿನದ ಕಾರ್ಯಾಗಾರಕ್ಕೆ 36 ಜನರಿಗೆ ಹೋಟೆಲ್ ಬುಕ್ ಮಾಡಬೇಕಿದೆ. ವಿಚಾರಣೆಯ ಇಮೇಲ್‌ನಲ್ಲಿ ಏನೇನು ಕೇಳಬೇಕು? ಕೆಲವರು ಕೊನೆಗೆ ಬರದಿದ್ದರೆ ಹಣ ಹೋಗುತ್ತದೆಯೇ?

ನಾನು ಕಚೇರಿಯ ಕಾರ್ಯಕ್ರಮಗಳಿಗೆ ಹಲವು ವರ್ಷಗಳಿಂದ ಹೋಟೆಲ್ ಗೊತ್ತುಮಾಡುತ್ತಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವು ಮೊದಲನೆಯದರಲ್ಲೇ ಇದೆ, ಏಕೆಂದರೆ ರದ್ದತಿಯ ನಿಯಮವನ್ನು ವಿಚಾರಣೆಯ ಹಂತದಲ್ಲೇ ಬರವಣಿಗೆಯಲ್ಲಿ ಕೇಳಿ ಪಡೆಯದಿದ್ದರೆ ಮುಂಗಡ ಕಟ್ಟಿದ ಮೇಲೆ ಚೌಕಾಸಿಗೆ ಅವಕಾಶ ಬಹಳ ಕಡಿಮೆ.

"36 ಜನರಿಗೆ ಕೊಠಡಿ ಬೇಕು" ಎಂದಷ್ಟೇ ಬರೆಯಬೇಡಿ. ಇಬ್ಬರಿಗೊಂದರಂತೆ 32 ಜನರಿಗೆ 16 ಕೊಠಡಿ, ಒಬ್ಬೊಬ್ಬರೇ ಇರುವ ನಾಲ್ವರಿಗೆ 4, ಒಟ್ಟು 20 ಕೊಠಡಿ, ಎರಡು ರಾತ್ರಿ, ಅಂದರೆ 40 ರೂಮ್ ನೈಟ್ ಎಂದು ಬಿಡಿಸಿ ಬರೆಯಿರಿ. ಕಾರ್ಯಾಗಾರ ಬೆಳಗ್ಗೆ ಆರಂಭವಾಗುವುದಾದರೆ ಹಿಂದಿನ ಸಂಜೆಯೇ ಚೆಕ್-ಇನ್ ಆಗಬೇಕೆಂಬುದನ್ನು ದಿನಾಂಕದೊಂದಿಗೇ ಹೇಳಿ. ದಿನಾಂಕ ಹಿಂದೆಮುಂದೆ ಸರಿಸಲು ಸಾಧ್ಯವಿದ್ದರೆ ಅದನ್ನೂ ತಿಳಿಸಿ, ದರ ಇಳಿಯುವುದು ಹೆಚ್ಚಾಗಿ ಅಲ್ಲಿಯೇ. ದರದಲ್ಲಿ ತೆರಿಗೆ, ಬೆಳಗಿನ ಉಪಾಹಾರ, ಸಭಾಂಗಣ ಮತ್ತು ಪ್ರೊಜೆಕ್ಟರ್ ಸೇರಿವೆಯೇ ಎಂದು ಕೇಳಿ.

ಇನ್ನು ರದ್ದತಿ. ಇಡೀ ಕಾರ್ಯಕ್ರಮವನ್ನೇ ರದ್ದು ಮಾಡುವುದು ಬೇರೆ, ಕೆಲವು ಕೊಠಡಿ ಬಿಟ್ಟುಕೊಡುವುದು ಬೇರೆ. ಎರಡನೆಯದನ್ನು ಹೋಟೆಲಿನವರು ಅಟ್ರಿಷನ್ ಎನ್ನುತ್ತಾರೆ. ಶೇ. 20ರಷ್ಟು ವಿನಾಯಿತಿ ಕೊಟ್ಟರೆ 40 ರೂಮ್ ನೈಟ್‌ಗಳಲ್ಲಿ 8ನ್ನು ದಂಡವಿಲ್ಲದೆ ಬಿಡಬಹುದು, 32ಕ್ಕೆ ಹಣ ಕೊಡಲೇಬೇಕು. ಆದರೆ ಈ ಲೆಕ್ಕ ಒಟ್ಟು ಸಂಖ್ಯೆಯ ಮೇಲೋ, ಪ್ರತಿ ರಾತ್ರಿಯ ಮೇಲೋ ಎಂಬುದನ್ನು ಕೇಳಲು ಹಿಂದೊಮ್ಮೆ ನಾನು ಮರೆತಿದ್ದೆ. ಆಗಲೂ ಇಷ್ಟೇ ಕೊಠಡಿ, ಇದೇ ವಿನಾಯಿತಿ. ಐದು ಕೊಠಡಿಗಳವರು ಮರುದಿನ ಬೆಳಗ್ಗೆ ನೇರವಾಗಿ ಸಭಾಂಗಣಕ್ಕೇ ಬಂದರು. ಮೊದಲ ರಾತ್ರಿ 15, ಎರಡನೆಯ ರಾತ್ರಿ 20 ಕೊಠಡಿ ಬಳಕೆಯಾಗಿ ಒಟ್ಟು 35 ಆಗಿತ್ತು, 32ಕ್ಕಿಂತ ಹೆಚ್ಚೇ. ಆದರೂ ಪ್ರತಿ ರಾತ್ರಿ ಕನಿಷ್ಠ 16 ಇರಬೇಕೆಂಬ ಲೆಕ್ಕದಲ್ಲಿ ಮೊದಲ ರಾತ್ರಿಯ ಒಂದು ಖಾಲಿ ಕೊಠಡಿಯ ಬಾಡಿಗೆ ಬಿಲ್ಲಿಗೆ ಸೇರಿತ್ತು. ಒಪ್ಪಂದದಲ್ಲಿ ಹಾಗೆಯೇ ಇತ್ತು, ಓದದೆ ಸಹಿ ಮಾಡಿದವನು ನಾನು. ಆದ್ದರಿಂದ ಈ ವಾಕ್ಯವನ್ನು ನಿಮ್ಮ ಪತ್ರದಲ್ಲಿ ಸೇರಿಸಿ:

"ಕೊಠಡಿ ಕಡಿತದ ವಿನಾಯಿತಿಯನ್ನು ಒಟ್ಟು ರೂಮ್ ನೈಟ್‌ಗಳ ಮೇಲೆ ಲೆಕ್ಕ ಹಾಕಬೇಕೆಂದು ಕೋರುತ್ತೇವೆ. ಶುಲ್ಕವಿಲ್ಲದೆ ಕೊಠಡಿ ಬಿಡಲು ಕೊನೆಯ ದಿನಾಂಕ ಯಾವುದು, ಮತ್ತು ನಾವು ಬಿಟ್ಟ ಕೊಠಡಿ ಬೇರೆಯವರಿಗೆ ಹೋದರೆ ಆ ಮೊತ್ತವನ್ನು ನಮ್ಮ ಬಿಲ್ಲಿನಿಂದ ಕಳೆಯುವಿರಾ ಎಂಬುದನ್ನು ದಯವಿಟ್ಟು ತಿಳಿಸಿ."

ಊಟಕ್ಕೆ ಪ್ರತ್ಯೇಕ ಲೆಕ್ಕವಿರುತ್ತದೆ. ಕಾರ್ಯಕ್ರಮಕ್ಕೆ ಕೆಲವು ದಿನ ಮೊದಲು ನೀವು ಖಚಿತಪಡಿಸಿದ ಸಂಖ್ಯೆಗಿಂತ ಕಡಿಮೆ ಜನ ಉಂಡರೂ ಸಾಮಾನ್ಯವಾಗಿ ಅಷ್ಟಕ್ಕೂ ಬಿಲ್ ಬರುತ್ತದೆ. ಹಾಗಾಗಿ 33 ಎಂದು ಖಚಿತಪಡಿಸಿ, ಮೂವರು ಹೆಚ್ಚು ಬಂದರೆ ಅದೇ ದರದಲ್ಲಿ ಬಡಿಸುವಿರಾ ಎಂದು ಕೇಳುವುದು ಮೇಲು.