ಲೋನ್ ಕ್ಲೋಸ್ ಆದ್ಮೇಲೂ ಇಎಂಐ ಕಟ್ ಆಗಿದೆ, ಅರ್ಜಿ ಯಾರಿಗೆ ಬರೀಬೇಕು?

ಸಂಪಾದಕರಿಗೆ ನಮಸ್ಕಾರ. ಒಂದು ಫೈನಾನ್ಸ್ ಕಂಪನಿಯಲ್ಲಿ ಪರ್ಸನಲ್ ಲೋನ್ ತಗೊಂಡಿದ್ದೆ, ತಿಂಗಳಿಗೆ 4,870 ರೂಪಾಯಿ, 5ನೇ ತಾರೀಖು ನನ್ನ ಎಸ್‌ಬಿ ಖಾತೆಯಿಂದ ತಾನಾಗೇ ಹೋಗ್ತಿತ್ತು. ಜೂನ್ 2ಕ್ಕೆ ಪೂರ್ತಿ ಕಟ್ಟಿ ಕ್ಲೋಸ್ ಮಾಡ್ಸಿದೆ, ಎನ್‌ಒಸಿನೂ ಬಂತು. ಆದ್ರೂ ಜೂನ್ 5ಕ್ಕೆ ದುಡ್ಡು ಕಟ್ ಆಯ್ತು. ಜೂನ್ 20ಕ್ಕೆ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ಕ್ಯಾನ್ಸಲ್ ಫಾರಂ ಕೊಟ್ಟು ಸೀಲ್ ಹಾಕಿಸ್ಕೊಂಡು ಬಂದೆ, ಜುಲೈ 5ಕ್ಕೆ ಮತ್ತೆ ಕಟ್! ಬ್ಯಾಂಕಿನವರು ಫೈನಾನ್ಸ್‌ನವರನ್ನ ಕೇಳಿ ಅಂತಾರೆ, ಅವರು ನಿಮ್ಮ ಬ್ಯಾಂಕನ್ನ ಕೇಳಿ ಅಂತಾರೆ. ದುಡ್ಡು ರಿವರ್ಸ್ ಮಾಡಿ ಅಂತ ಬ್ಯಾಂಕಿಗೆ ಅರ್ಜಿ ಹೇಗೆ ಬರೀಬೇಕು, ದಯವಿಟ್ಟು ತಿಳಿಸಿ.
– ಓದುಗರು, ದಾವಣಗೆರೆ

ಸಂಪಾದಕರ ಉತ್ತರ:

ಮೊದಲನೇದಾಗಿ, ಒಂದೇ ಅರ್ಜಿಯಲ್ಲಿ ಎರಡು ತಿಂಗಳ ದುಡ್ಡನ್ನೂ ಕೇಳೋಕೆ ಹೋಗ್ಬೇಡಿ. ಪಾಸ್‌ಬುಕ್‌ನಲ್ಲಿ ಎರಡು ಎಂಟ್ರಿನೂ ಒಂದೇ ಥರ ಕಾಣ್ತವೆ, ಎರಡೂ ACH ಅಂತಲೇ ಶುರು ಆಗ್ತವೆ, ಮೊತ್ತನೂ ಒಂದೇ, ಆದ್ರೆ ಜೂನ್ ತಿಂಗಳ ದುಡ್ಡಿಗೆ ಉತ್ತರ ಕೊಡಬೇಕಾದವರು ಒಬ್ಬರು, ಜುಲೈ ದುಡ್ಡಿಗೆ ಇನ್ನೊಬ್ಬರು. ನೀವು ಎರಡನ್ನೂ ಸೇರಿಸಿ ಕೇಳ್ತಿರೋದಕ್ಕೇ ಇಬ್ಬರಿಗೂ ನಿಮ್ಮನ್ನ ಅತ್ಲಾಗೆ ಇತ್ಲಾಗೆ ಓಡಾಡಿಸೋಕೆ ಅನುಕೂಲ ಆಗಿದೆ.

ಈ ಕಟಿಂಗ್ ನಡೆಯೋ ರೀತಿ ಸ್ವಲ್ಪ ಹೇಳ್ತೀನಿ. ಲೋನ್ ತಗೊಳ್ಳೋವಾಗ ನೀವು ಸೈನ್ ಮಾಡಿದ್ದೋ ಒಟಿಪಿ ಕೊಟ್ಟಿದ್ದೋ ಒಂದು ಮ್ಯಾಂಡೇಟ್, ಅಂದ್ರೆ ಖಾತೆಯಿಂದ ತಾನಾಗೇ ದುಡ್ಡು ತಗೊಳ್ಳೋಕೆ ಒಪ್ಪಿಗೆ, ಇರತ್ತೆ, ಅದು ಎನ್‌ಪಿಸಿಐನವರ ನ್ಯಾಚ್ ಅನ್ನೋ ವ್ಯವಸ್ಥೆಯಲ್ಲಿ ರಿಜಿಸ್ಟರ್ ಆಗತ್ತೆ, ಅದಕ್ಕೆ ಯುಎಂಆರ್‌ಎನ್ ಅಂತ 20 ಅಕ್ಷರ-ಅಂಕಿಗಳ ಒಂದು ನಂಬರ್ ಬರತ್ತೆ. ಪ್ರತಿ ತಿಂಗಳು ಫೈನಾನ್ಸ್ ಕಂಪನಿಯವರು ತಮ್ಮ ಬ್ಯಾಂಕಿನ ಮೂಲಕ "ಈ ಯುಎಂಆರ್‌ಎನ್ ಮೇಲೆ ಇಷ್ಟು ದುಡ್ಡು ಕೊಡಿ" ಅಂತ ಸಾವಿರಾರು ಗ್ರಾಹಕರದ್ದು ಒಟ್ಟಿಗೆ ಒಂದು ಫೈಲ್ ಕಳಿಸ್ತಾರೆ, ನಿಮ್ಮ ಬ್ಯಾಂಕು ಮ್ಯಾಂಡೇಟ್ ಜೀವಂತ ಇದ್ಯಾ, ಖಾತೆಯಲ್ಲಿ ದುಡ್ಡಿದ್ಯಾ ಅಂತ ಅಷ್ಟೇ ನೋಡಿ ಕಟ್ ಮಾಡತ್ತೆ. ಸಾಲ ಬಾಕಿ ಇದ್ಯೋ ತೀರಿದ್ಯೋ ಅನ್ನೋದು ನಿಮ್ಮ ಬ್ಯಾಂಕಿಗೆ ಗೊತ್ತೇ ಇರಲ್ಲ. ಎನ್‌ಒಸಿ ಬಂದ ತಕ್ಷಣ ಮ್ಯಾಂಡೇಟ್ ಸತ್ತೋಗತ್ತೆ ಅಂತ ಬಹಳ ಜನ ಅಂದ್ಕೊಂಡಿರ್ತಾರೆ, ಹಾಗೇನಿಲ್ಲ, ಯಾರಾದ್ರೂ ಕ್ಯಾನ್ಸಲ್ ಮಾಡೋವರೆಗೂ ಅಥವಾ ಅದರಲ್ಲಿ ಬರೆದಿರೋ ಕೊನೇ ತಾರೀಖಿನವರೆಗೂ ಅದು ಹಾಗೇ ಇರತ್ತೆ.

ಈಗ ಜೂನ್ 5ರ ಕಥೆ. 5ನೇ ತಾರೀಖಿನ ಫೈಲನ್ನ ಕಂಪನಿಗಳು ಕೆಲವು ದಿನ ಮೊದಲೇ ತಯಾರು ಮಾಡಿ ಇಟ್ಟಿರ್ತವೆ. ನೀವು 2ಕ್ಕೆ ಕಟ್ಟಿದ್ರಿ, ಅಷ್ಟೊತ್ತಿಗೆ ನಿಮ್ಮ ಹೆಸರು ಆ ಫೈಲಿಗೆ ಸೇರಿರೋ ಸಾಧ್ಯತೆನೇ ಜಾಸ್ತಿ. ಅವತ್ತು ನಿಮ್ಮ ಬ್ಯಾಂಕಿನ ಹತ್ರ ಕ್ಯಾನ್ಸಲ್ ಅರ್ಜಿನೂ ಇರ್ಲಿಲ್ಲ, ಹಾಗಾಗಿ ಬ್ಯಾಂಕಿನದ್ದು ತಪ್ಪಿಲ್ಲ. ಒಂದ್ಸಲ ಕಟ್ ಆದ್ಮೇಲೆ ಆ ದುಡ್ಡು ಕಂಪನಿಯ ಕೈ ಸೇರಿರತ್ತೆ, ಅಲ್ಲಿ ನಿಮ್ಮ ಮುಚ್ಚಿದ ಲೋನ್ ಖಾತೆಯಲ್ಲಿ "ಹೆಚ್ಚುವರಿ ಜಮಾ" ಅಂತ ಕೂತಿರತ್ತೆ. ನೀವು ಕೇಳೋವರೆಗೂ ಅಲ್ಲೇ ಕೂತಿರೋದೂ ಉಂಟು, ಇದು ನನಗೆ ಸಿಟ್ಟು ಬರ್ಸೋ ವಿಷಯ, ನಮ್ಮ ಕಡೆ ಒಂದಿನ ತಡ ಆದ್ರೆ ಫೋನ್ ಮೇಲೆ ಫೋನ್ ಮಾಡೋರು ತಾವು ವಾಪಸ್ ಕೊಡಬೇಕಾದಾಗ ಸುಮ್ನೆ ಇದ್ದುಬಿಡ್ತಾರೆ.

ಇದಕ್ಕೆ ಕಂಪನಿಯಿಂದ ಲೋನ್ ಸ್ಟೇಟ್‌ಮೆಂಟ್ ಕೇಳಿ, ಕ್ಲೋಸ್ ಆದ ದಿನಕ್ಕೆ ನಿಲ್ಲಿಸಿದ್ದಲ್ಲ, ಇವತ್ತಿನವರೆಗಿಂದು ಕೊಡಿ ಅನ್ನಿ. ಅದರಲ್ಲಿ ಜೂನ್ 2ರ ಫೈನಲ್ ಪಾವತಿ ಆದ್ಮೇಲೆ ಜೂನ್ 5ಕ್ಕೆ 4,870 ಜಮಾ ಆಗಿರೋ ಸಾಲು ಕಾಣಬೇಕು. ಆ ಸಾಲು ಸಿಕ್ಕಿದ್ರೆ ಮುಂದೆ ವಾದಕ್ಕೆ ಜಾಗನೇ ಇಲ್ಲ, ಅವರ ಲೆಕ್ಕನೇ ದುಡ್ಡು ಬಂದಿದೆ ಅಂತ ಹೇಳತ್ತೆ. ಬ್ರಾಂಚಿನ ಹುಡುಗರ ಹತ್ರ ಬಾಯಲ್ಲಿ ಹೇಳೋ ಬದಲು ಕಂಪನಿಯ ದೂರು ಅಧಿಕಾರಿಗೆ ಮೇಲ್ ಹಾಕಿ, ಹೆಸರು-ಇಮೇಲ್ ಬ್ರಾಂಚಿನಲ್ಲಿ ಬೋರ್ಡ್ ಮೇಲೆ ಹಾಕಿರಬೇಕು ಅಂತ ಆರ್‌ಬಿಐ ನಿಯಮನೇ ಇದೆ. ಮೇಲ್‌ನಲ್ಲಿ ಲೋನ್ ನಂಬರ್, ಎನ್‌ಒಸಿ ಕಾಪಿ, ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಒಂದು ಪುಟ, ಜೊತೆಗೆ ದುಡ್ಡು ಹಾಕೋಕೆ ಒಂದು ಕ್ಯಾನ್ಸಲ್ಡ್ ಚೆಕ್. "ಮುಂದಿನ ಲೋನಿಗೆ ಅಡ್ಜಸ್ಟ್ ಮಾಡ್ತೀವಿ" ಅಂದ್ರೆ ಬೇಡ ಅನ್ನಿ.

ಜುಲೈ 5ರದ್ದು ಬೇರೆ. ಅಷ್ಟೊತ್ತಿಗೆ ನೀವು ನಿಮ್ಮ ಬ್ಯಾಂಕಿಗೆ ಲಿಖಿತವಾಗಿ ಮ್ಯಾಂಡೇಟ್ ರದ್ದು ಮಾಡಿ ಅಂತ ಕೊಟ್ಟು 15 ದಿನ ಆಗಿತ್ತು, ಸೀಲ್ ಬಿದ್ದ ಕಾಪಿ ಕೈಯಲ್ಲಿದೆ. ಆರ್‌ಬಿಐ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿದೆ, ಫೇಲ್ ಆದ ವಹಿವಾಟುಗಳ ದುಡ್ಡು ಎಷ್ಟು ದಿನದಲ್ಲಿ ವಾಪಸ್ ಬರಬೇಕು ಅನ್ನೋದರ ಬಗ್ಗೆ. ಎಟಿಎಂನಲ್ಲಿ ದುಡ್ಡು ಬರದೇ ಕಟ್ ಆದ್ರೆ ದಿನಕ್ಕೆ 100 ರೂಪಾಯಿ ಅನ್ನೋದನ್ನ ಎಲ್ಲರೂ ಕೇಳಿರ್ತಾರಲ್ಲ, ಅದೇ ಸುತ್ತೋಲೆ. ಅದರಲ್ಲೇ ನ್ಯಾಚ್ ಬಗ್ಗೆನೂ ಒಂದು ಸಾಲಿದೆ: ಗ್ರಾಹಕ ತನ್ನ ಬ್ಯಾಂಕಿನಲ್ಲಿ ಮ್ಯಾಂಡೇಟ್ ರದ್ದು ಮಾಡಿದ ಮೇಲೂ ದುಡ್ಡು ಕಟ್ ಆದ್ರೆ ಅದಕ್ಕೆ ಗ್ರಾಹಕನ ಬ್ಯಾಂಕೇ ಜವಾಬ್ದಾರಿ, ಕಟ್ ಆದ ಮಾರನೇ ದಿನದೊಳಗೆ ಬಗೆಹರಿಸಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದೂ ಗ್ರಾಹಕ ಕೇಳದೇ ಇದ್ರೂ ಬ್ಯಾಂಕು ತಾನಾಗೇ ಹಾಕಬೇಕು ಅಂತಿದೆ. ಅಂದ್ರೆ ಜುಲೈ 6ರೊಳಗೆ ಬರಬೇಕಿತ್ತು. ಜುಲೈ 26ಕ್ಕೆ ಜಮಾ ಆಯ್ತು ಅಂತಿಟ್ಕೊಳ್ಳಿ, 20 ದಿನ ತಡ, 4,870ರ ಜೊತೆ 2,000. ಜೂನ್ ದುಡ್ಡಿಗೆ ಮಾತ್ರ ಈ ನೂರರ ಲೆಕ್ಕ ಹಾಕೋಕೆ ಹೋಗ್ಬೇಡಿ, ಆಗ ರದ್ದು ಅರ್ಜಿ ಕೊಟ್ಟಿರ್ಲಿಲ್ಲ, ಅದು ಈ ಸಾಲಿನಡಿ ಬರಲ್ಲ.

ಅರ್ಜಿ ಬರೆಯೋ ಮುಂಚೆ ಒಂದು ಕೆಲಸ ಮಾಡ್ಲೇಬೇಕು. ಜುಲೈ 5ರ ಎಂಟ್ರಿಯ ಯುಎಂಆರ್‌ಎನ್ ಮತ್ತೆ ನೀವು ಕೊಟ್ಟ ಕ್ಯಾನ್ಸಲ್ ಫಾರಂನಲ್ಲಿರೋ ಯುಎಂಆರ್‌ಎನ್ ಎರಡೂ ಒಂದೇನಾ ಅಂತ ಅಕ್ಷರ ಅಕ್ಷರ ಹೋಲಿಸಿ. ಒಂದೇ ಲೋನಿಗೆ ಎರಡು ಮ್ಯಾಂಡೇಟ್ ಇರೋದು ಅಪರೂಪ ಏನಲ್ಲ, ಮೊದಲು ಪೇಪರ್ ಮೇಲೆ ಸೈನ್ ಹಾಕಿಸ್ಕೊಂಡಿರ್ತಾರೆ, ಆಮೇಲೆ ಆನ್‌ಲೈನ್‌ನಲ್ಲಿ ಇನ್ನೊಂದು ಮಾಡಿಸಿರ್ತಾರೆ, ಟಾಪ್-ಅಪ್ ತಗೊಂಡಿದ್ರೆ ಅದಕ್ಕೊಂದು. ನೀವು ಒಂದನ್ನ ರದ್ದು ಮಾಡಿ ದುಡ್ಡು ಇನ್ನೊಂದರ ಮೇಲೆ ಹೋಗಿದ್ರೆ ಬ್ಯಾಂಕಿನ ಮೇಲೆ ಹಾಕೋಕೆ ಆಗಲ್ಲ, ಜುಲೈ ದುಡ್ಡನ್ನೂ ಫೈನಾನ್ಸ್ ಕಂಪನಿಯಿಂದಲೇ ಕೇಳಬೇಕಾಗತ್ತೆ. ಪಾಸ್‌ಬುಕ್‌ನಲ್ಲಿ ನಂಬರ್ ಪೂರ್ತಿ ಪ್ರಿಂಟ್ ಆಗಿರಲ್ಲ ಎಷ್ಟೋ ಸಲ, ನೆಟ್ ಬ್ಯಾಂಕಿಂಗ್ ಸ್ಟೇಟ್‌ಮೆಂಟ್ ನೋಡಿ, ಅಲ್ಲೂ ಇಲ್ಲದಿದ್ರೆ ಬ್ರಾಂಚಿನಲ್ಲಿ "ಈ ಡೆಬಿಟ್ ಯಾವ ಯುಎಂಆರ್‌ಎನ್ ಮೇಲೆ ಬಂತು" ಅಂತ ಕೇಳಿ ಬರೆಸ್ಕೊಳ್ಳಿ, ಜೊತೆಗೆ ನಿಮ್ಮ ಖಾತೆ ಮೇಲೆ ಇನ್ನೂ ಯಾವ ಯಾವ ಮ್ಯಾಂಡೇಟ್ ಇದಾವೆ ಅಂತ ಪಟ್ಟಿನೂ ತಗೊಳ್ಳಿ.

ಎರಡೂ ಒಂದೇ ಆಗಿದ್ರೆ ಹೀಗೆ ಬರೀರಿ:

ಗೆ,
ಶಾಖಾ ವ್ಯವಸ್ಥಾಪಕರು, (ಬ್ಯಾಂಕು, ಶಾಖೆ)
ವಿಷಯ: ರದ್ದುಪಡಿಸಿದ ನ್ಯಾಚ್ ಮ್ಯಾಂಡೇಟ್ ಮೇಲೆ ದಿನಾಂಕ 5-7ರಂದು ಕಡಿತವಾದ ರೂ. 4,870 ಮರುಜಮಾ ಮಾಡುವ ಬಗ್ಗೆ.
ಮಾನ್ಯರೇ,
ನಿಮ್ಮ ಶಾಖೆಯಲ್ಲಿ ನನ್ನ ಉಳಿತಾಯ ಖಾತೆ (ಸಂಖ್ಯೆ) ಇದೆ. ಯುಎಂಆರ್‌ಎನ್ (ಸಂಖ್ಯೆ) ಮ್ಯಾಂಡೇಟನ್ನು ರದ್ದುಪಡಿಸಲು ದಿನಾಂಕ 20-6ರಂದು ಅರ್ಜಿ ಕೊಟ್ಟಿದ್ದು, ಸ್ವೀಕೃತಿಯ ಪ್ರತಿ ಲಗತ್ತಿಸಿದೆ. ಆದರೂ 5-7ರಂದು ಅದೇ ಮ್ಯಾಂಡೇಟ್ ಮೇಲೆ ರೂ. 4,870 ಕಡಿತವಾಗಿದೆ. ಸಂಬಂಧಪಟ್ಟ ಸಾಲವು 2-6ರಂದೇ ಪೂರ್ಣ ತೀರಿದ್ದು ಎನ್‌ಒಸಿ ಪ್ರತಿಯನ್ನೂ ಲಗತ್ತಿಸಿದೆ.
ಭಾರತೀಯ ರಿಸರ್ವ್ ಬ್ಯಾಂಕಿನ 20-9-2019ರ ಸುತ್ತೋಲೆಯ ಪ್ರಕಾರ ಈ ಕಡಿತದ ಜವಾಬ್ದಾರಿ ಗ್ರಾಹಕರ ಬ್ಯಾಂಕಿನದಾಗಿದೆ. ಆದ್ದರಿಂದ ಸದರಿ ಮೊತ್ತವನ್ನು 5-7ರ ದಿನಾಂಕಕ್ಕೇ ಅನ್ವಯವಾಗುವಂತೆ ಮರುಜಮಾ ಮಾಡಿ, 7-7ರಿಂದ ಜಮಾ ಆಗುವ ದಿನದವರೆಗೆ ದಿನಕ್ಕೆ ರೂ. 100ರಂತೆ ಪರಿಹಾರ ನೀಡಿ, ಮ್ಯಾಂಡೇಟ್ ರದ್ದಾಗಿರುವುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.
(ಸಹಿ, ಹೆಸರು, ಮೊಬೈಲ್ ಸಂಖ್ಯೆ, ದಿನಾಂಕ)

ಇಷ್ಟೇ ಸಾಕು. ಫೈನಾನ್ಸ್‌ನವರು ಫೋನ್ ಎತ್ತಲ್ಲ, ಮೂರು ಸಲ ಬಂದೆ, ಮ್ಯಾನೇಜರ್ ಮೀಟಿಂಗ್‌ನಲ್ಲಿದ್ರು ಇವೆಲ್ಲ ಇದರಲ್ಲಿ ಬೇಡ, ಜೂನ್ ವಿಷಯನೂ ಬೇಡ. ಜೂನ್ ಬರೆದ್ರೆ ಅದನ್ನೇ ಹಿಡ್ಕೊಂಡು "ಕಂಪನಿಯನ್ನ ಸಂಪರ್ಕಿಸಿ" ಅಂತ ಉತ್ತರ ಬಂದುಬಿಡತ್ತೆ. 5-7ರ ದಿನಾಂಕಕ್ಕೇ ಅನ್ವಯವಾಗುವಂತೆ ಅಂತ ಯಾಕೆ ಬರೆದೆ ಅಂದ್ರೆ, ಈ ದುಡ್ಡು ಹೋಗಿದ್ದರಿಂದ ಖಾತೆ ಮಿನಿಮಮ್ ಬ್ಯಾಲೆನ್ಸ್‌ಗಿಂತ ಕೆಳಗಿಳಿದು ಚಾರ್ಜ್ ಬಿದ್ದಿದ್ರೆ, ಅಥವಾ ಬೇರೆ ಯಾವುದೋ ಚೆಕ್ ಬೌನ್ಸ್ ಆಗಿ ಅದಕ್ಕೆ ಜಿಎಸ್‌ಟಿ ಸಮೇತ ಕಟ್ ಆಗಿದ್ರೆ, ಅದನ್ನೂ ಕೇಳೋಕೆ ಆಧಾರ ಬೇಕು. ಹಾಗೇನಾದ್ರೂ ಆಗಿದ್ರೆ ಆ ಚಾರ್ಜಿನ ತಾರೀಖು-ಮೊತ್ತ ಒಂದು ಸಾಲು ಸೇರಿಸಿ. ಅರ್ಜಿ ಎರಡು ಪ್ರತಿ ಮಾಡಿ ಬ್ರಾಂಚಿನ ಟಪಾಲು ವಿಭಾಗದಲ್ಲಿ ಕೊಟ್ಟು ಒಂದಕ್ಕೆ ತಾರೀಖು ಸಮೇತ ಸೀಲ್ ಹಾಕಿಸ್ಕೊಳ್ಳಿ, ಬ್ಯಾಂಕಿನ ದೂರು ವಿಭಾಗಕ್ಕೂ ಅದೇ ಕಾಪಿ ಮೇಲ್ ಮಾಡಿ ದೂರು ನಂಬರ್ ತಗೊಳ್ಳಿ. ಸೀಲ್ ಹಾಕಲ್ಲ ಅಂದ್ರೆ ಜಗಳ ಬೇಡ, ಸ್ಪೀಡ್ ಪೋಸ್ಟಲ್ಲಿ ಕಳಿಸಿದ್ರೆ ಅದೇ ಸಾಕ್ಷಿ.

30 ದಿನ ಆದ್ರೂ ಉತ್ತರ ಬರ್ಲಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅನ್ನಿಸಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು, ಫೀಸ್ ಇಲ್ಲ, ವಕೀಲರೂ ಬೇಡ. ಮೊದಲು ಬ್ಯಾಂಕಿಗೇ ದೂರು ಕೊಟ್ಟಿರೋ ದಾಖಲೆ ಇಲ್ಲದೆ ನೇರ ಅಲ್ಲಿಗೆ ಹೋದ್ರೆ ವಾಪಸ್ ಕಳಿಸ್ತಾರೆ, ಸೀಲು ಸೀಲು ಅಂತ ನಾನು ಬಡ್ಕೊಳ್ಳೋದು ಅದಕ್ಕೇ. ಬ್ಯಾಂಕಿನ ಮೇಲೊಂದು, ಕಂಪನಿ ಮೇಲೊಂದು ದೂರು ಬೇರೆ ಬೇರೆ ಹಾಕಿ.

ಇನ್ನೊಂದು, ಯಾರೋ ಹೇಳಿದ್ರು ಅಂತ 4ನೇ ತಾರೀಖು ಖಾತೆ ಖಾಲಿ ಮಾಡಿ ಕೂರಬೇಡಿ. ಮ್ಯಾಂಡೇಟ್ ಜೀವಂತ ಇದ್ದು ದುಡ್ಡಿಲ್ಲ ಅಂದ್ರೆ ಅದು ಬೌನ್ಸ್ ಅಂತ ದಾಖಲಾಗತ್ತೆ, ನಿಮ್ಮ ಬ್ಯಾಂಕ್ ರಿಟರ್ನ್ ಚಾರ್ಜ್ ಹಾಕತ್ತೆ, ಆ ಕಡೆ ಕಂಪನಿಯ ಸಿಸ್ಟಮ್ ಮುಚ್ಚಿದ ಲೋನಿನ ಮೇಲೂ ಬೌನ್ಸ್ ಚಾರ್ಜ್ ಬರೆದು ಬಾಕಿ ತೋರ್ಸಿದ್ರೂ ಆಶ್ಚರ್ಯ ಇಲ್ಲ. ಅದರ ಬದಲು ಆಗಸ್ಟ್ 1ರ ಹೊತ್ತಿಗೆ ಬ್ರಾಂಚಿಗೆ ಹೋಗಿ ಆ ಯುಎಂಆರ್‌ಎನ್ ಮುಂದೆ ಕ್ಯಾನ್ಸಲ್ಡ್ ಅಂತ ಬಂದಿದ್ಯಾ ಅಂತ ಸ್ಕ್ರೀನ್ ಮೇಲೇ ತೋರಿಸಿ ಅನ್ನಿ, ಇನ್ನೂ ಆಕ್ಟಿವ್ ಅಂತಿದ್ರೆ ಅಲ್ಲೇ ಕೂತು ಮಾಡಿಸ್ಕೊಂಡೇ ಎದ್ದು ಬನ್ನಿ.