ಉಬ್ಬಸದ ಕೂಸಿಗೆ ಆ್ಯಂಟಿಬಯೋಟಿಕ್ ಏಕಿಲ್ಲ?

ಡೊಂಬಿವಲಿಯಲ್ಲಿದ್ದೇವೆ. ನಾಲ್ಕು ತಿಂಗಳ ಮಗಳಿಗೆ ಬ್ರಾಂಕಿಯೋಲೈಟಿಸ್. ವೈದ್ಯರು ಆ್ಯಂಟಿಬಯೋಟಿಕ್ ಕೊಡಲಿಲ್ಲ. ಆಸ್ಪತ್ರೆಗೆ ಯಾವಾಗ ಓಡಬೇಕು?

ಕೊಡದಿದ್ದುದೇ ಸರಿ. ಇದು ಹೆಚ್ಚಾಗಿ ಆರ್‌ಎಸ್‌ವಿ ಎಂಬ ವೈರಸ್‌ನಿಂದ ಬರುತ್ತದೆ. ಆ್ಯಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ ಮಾತ್ರ. ಶ್ವಾಸಕೋಶದ ಸಣ್ಣ ನಳಿಕೆಗಳು ಊದಿಕೊಂಡು ಕಟ್ಟಿದ ಲೋಳೆಯನ್ನು ಅದು ಬಿಡಿಸಲಾರದು, ಭೇದಿಯನ್ನು ತಂದೀತು. ಜೊತೆಗೆ ಕಿವಿಯ ಸೋಂಕೋ ನ್ಯುಮೋನಿಯಾವೋ ಇದ್ದರೆ ಮಾತು ಬೇರೆ.

ಮೂರರಿಂದ ಐದನೆಯ ದಿನ ಕಷ್ಟ ಹೆಚ್ಚು. ಕೂಸು ಮಲಗಿದ್ದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತವನ್ನು ಎಣಿಸಿ. 50 ಮುಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಿ. 60 ದಾಟಿದರೆ, ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಪ್ರತಿ ಉಸಿರಿಗೂ ನರಳಿದರೆ ಅಥವಾ ಹಾಲು ಅರ್ಧಕ್ಕಿಳಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಉಸಿರು ನಡುನಡುವೆ ನಿಂತರೆ ಅಥವಾ ತುಟಿ ನೀಲಿಯಾದರೆ ತಕ್ಷಣ 108ಕ್ಕೆ ಕರೆ ಮಾಡಿ.