ಅಕ್ಕಿರೊಟ್ಟಿಗೆ ಬಿದ್ದ ಎರಡು ಬುರುಡೆ

ಪ್ರಶ್ನೆ: ನನಗೆ 54 ವರ್ಷ, ಶಿವಮೊಗ್ಗದಲ್ಲಿದ್ದೇನೆ. ಅತ್ತಿಗೆ ತೀರಿಕೊಂಡು ಐದು ತಿಂಗಳಾಯಿತು. ಸಾಗರದ ಹತ್ತಿರ ತೋಟದ ಮನೆಯಲ್ಲಿ ಅಣ್ಣ ಒಬ್ಬನೇ ಇದ್ದಾನೆ, ಈಗ ಅಡುಗೆ ಕಲಿಯುತ್ತಿದ್ದಾನೆ. ಹೋದ ಭಾನುವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಅಕ್ಕಿರೊಟ್ಟಿ ಫೋಟೋ ಹಾಕಿ, "ರೊಟ್ಟಿ ತಟ್ಟಿದೆ, ಇಂಡಿಯಾ ಮ್ಯಾಪ್ ಬಂತು" ಅಂತ ಬರೆದಿದ್ದ. ನಾನು 😂 ಹಾಕಿದೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು 💀💀 ಹಾಕಿದಳು. "ಸಾವಾದ ಮನೆಗೆ ಬುರುಡೆ ಕಳಿಸ್ತಾಳಾ?" ಅಂತ ಅಣ್ಣ ನನಗೆ ಫೋನ್ ಮಾಡಿ ಕೂಗಾಡಿ ಗ್ರೂಪ್ ಬಿಟ್ಟು ಹೋದ. ಈಗ ನನ್ನ ಫೋನೂ ಎತ್ತುತ್ತಿಲ್ಲ. ಮಗಳನ್ನು ಕೇಳಿದರೆ, "ಅದು ನಗು ಅಮ್ಮ. ನೀನು ಹಾಕೋ ಮುಖ ಈಗ ಅಂಕಲ್ ಆಂಟಿಗಳು ಮಾತ್ರ ಹಾಕೋದು" ಅಂತಾಳೆ. ಸಾಲದ್ದಕ್ಕೆ ನಾನು ಕಳಿಸುವ 🙂 ನೋಡಿದರೆ ಅವಳಿಗೆ ಭಯ ಆಗುತ್ತಂತೆ! ತಪ್ಪು ಯಾರದು? ಅವಳಿಂದ ಕ್ಷಮೆ ಕೇಳಿಸಬೇಕಾ?

ಉತ್ತರ: ಮೊದಲು ಒಂದು ಸಮಾಧಾನದ ವಿಷಯ. ನಿಮ್ಮ ಮಗಳು ಸಿಕ್ಕಿಬಿದ್ದ ಮೇಲೆ ಹುಟ್ಟಿಸಿಕೊಂಡ ನೆಪ ಅಲ್ಲ ಅದು. ಅವಳ ವಯಸ್ಸಿನವರಲ್ಲಿ ಬುರುಡೆ ನಿಜಕ್ಕೂ ನಗು. "ನಕ್ಕು ನಕ್ಕು ಸತ್ತೆ" ಅಂತ ನಾವೂ ಹೇಳುತ್ತೇವಲ್ಲ, ಅದನ್ನೇ ಅವರು ಒಂದು ಚಿತ್ರದಲ್ಲಿ ಮುಗಿಸುತ್ತಾರೆ. ಹಾಗಾಗಿ ಅವಳು ಕಳಿಸಿದ್ದೂ ನೀವು ಕಳಿಸಿದ್ದೂ ಒಂದೇ. ಇಬ್ಬರೂ ಆ ರೊಟ್ಟಿ ನೋಡಿ ನಕ್ಕಿದ್ದೀರಿ, ಅಷ್ಟೇ.

ಒಂದು ತಮಾಷೆ ಗೊತ್ತಾ? ಈ ಎರಡು ಚಿಹ್ನೆಗಳಲ್ಲಿ ಒಂದು ಹಳೆಯದು, ಇನ್ನೊಂದು ಹೊಸದು ಅಂತೇನಿಲ್ಲ. ಮೊಬೈಲುಗಳಲ್ಲಿ ಯಾವ ಎಮೋಜಿ ಇರಬೇಕು ಅಂತ ತೀರ್ಮಾನಿಸುವ ಯೂನಿಕೋಡ್ ಸಂಸ್ಥೆ 2010ರಲ್ಲಿ ಎರಡನ್ನೂ ಒಂದೇ ಕಂತಿನಲ್ಲಿ ಸೇರಿಸಿತು. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು 'ವರ್ಷದ ಪದ' ಅಂತ ಆರಿಸಿದ್ದು ನಿಮ್ಮ 😂ಅನ್ನೇ. ಆಮೇಲೆ ಅದು ಎಲ್ಲರ ಮನೆಗೂ ಬಂತು. ಜಾಹೀರಾತಿನವರು ಹಾಕಿದರು, ಮೇಷ್ಟ್ರು ಹಾಕಿದರು, ಬ್ಯಾಂಕಿನವರು ಹಾಕಿದರು. ಅಪ್ಪ ಅಮ್ಮ ಹಾಕಲು ಶುರು ಮಾಡಿದ ಮೇಲೆ ಹುಡುಗರು ಅದನ್ನು ಇಟ್ಟುಕೊಳ್ಳುತ್ತಾರಾ? 2021ರ ಆರಂಭದ ಹೊತ್ತಿಗೆ "ಇದು ಮುದುಕರ ಎಮೋಜಿ" ಅನ್ನುವ ಮಾತು ಅಮೆರಿಕದ ಹುಡುಗ ಹುಡುಗಿಯರಲ್ಲಿ ಜೋರಾಗಿತ್ತು, ಪತ್ರಿಕೆಗಳಲ್ಲೂ ಬಂತು. ಜಾಗ ಖಾಲಿ ಆಯಿತು, ಬುರುಡೆ ಬಂದು ಕೂತಿತು. ಜೊತೆಗೆ ಕಣ್ಣೀರು ಧಾರೆ ಸುರಿಸುವ 😭 ಕೂಡ ಬಂತು. ಅದೂ ಅವರಿಗೆ ನಗುವೇ.

ಅಂದರೆ ನಿಮ್ಮ 😂 ಸತ್ತೇಹೋಯಿತಾ? ಏನಿಲ್ಲ. ಅದೇ 2021ರಲ್ಲಿ ಯೂನಿಕೋಡ್‌ನವರು ಲೆಕ್ಕ ಕೊಟ್ಟಾಗ ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುತ್ತಿದ್ದ ಎಮೋಜಿ ಅದೇ. ಒಟ್ಟು ಬಳಕೆಯಲ್ಲಿ ಶೇ 5ಕ್ಕಿಂತ ಹೆಚ್ಚು ಅದರದ್ದೊಂದೇ. ಮಾರನೇ ವರ್ಷ ವಾಟ್ಸಾಪ್ ಮೆಸೇಜಿನ ಮೇಲೆ ಒತ್ತಿ ಹಿಡಿದರೆ ಆರು ಚಿಹ್ನೆ ಕಾಣುವ ವ್ಯವಸ್ಥೆ ತಂದಾಗಲೂ ನಗುವಿಗೆ ಕೊಟ್ಟಿದ್ದು ಅದನ್ನೇ. 'ಯಾರೂ ಹಾಕಲ್ಲ' ಅನ್ನುವ ಮಗಳ ಮಾತಿಗೆ 'ನನ್ನ ಫ್ರೆಂಡ್ಸ್ ಯಾರೂ ಹಾಕಲ್ಲ' ಅಂತ ತಿದ್ದುಪಡಿ ಮಾಡಿಕೊಳ್ಳಿ. ನೀವು ಅವಳಿಗೋಸ್ಕರ ಬುರುಡೆ ಹಾಕುವುದನ್ನು ಕಲಿಯಬೇಕಾಗಿಲ್ಲ. ಕಲಿತರೆ ಅವಳಿಗೇ ಮುಜುಗರ.

ಈಗ ನಿಮ್ಮ ಅಣ್ಣನ ಕಡೆಯಿಂದ ನೋಡೋಣ. ಅವರು ತೋಟದ ಮನುಷ್ಯ. ಜೀವನದಲ್ಲಿ ಈ ಚಿತ್ರವನ್ನು ಎಲ್ಲೆಲ್ಲಿ ನೋಡಿರುತ್ತಾರೆ? ಟ್ರಾನ್ಸ್‌ಫಾರ್ಮರ್ ಕಂಬದ 'ಅಪಾಯ' ಬೋರ್ಡಿನಲ್ಲಿ. ಕಡು ವಿಷದ ಕೀಟನಾಶಕದ ಡಬ್ಬಿ ಮೇಲೆ, ಎರಡು ಮೂಳೆಯ ಜೊತೆ. ಈ ಎರಡು ಕಡೆಯೂ ಅದರ ಅರ್ಥ 'ಮುಟ್ಟಿದರೆ ಸಾಯ್ತೀಯ' ಅಂತ. ಆ ಅರ್ಥ ತಪ್ಪಲ್ಲ, ಅದೇ ಅದರ ಮೊದಲ ಅರ್ಥ. ಐದು ತಿಂಗಳ ಹಿಂದೆ ಹೆಂಡತಿಯನ್ನು ಕಳೆದುಕೊಂಡವರು ಅದನ್ನು ಬೇರೆ ಹೇಗೆ ಓದಲು ಸಾಧ್ಯ?

ಅವರಿಗೆ ಇಷ್ಟೊಂದು ನೋವಾಗಲು ಇನ್ನೊಂದು ಕಾರಣ ಇರಬಹುದು ಅಂತ ನನಗೆ ಅನಿಸುತ್ತದೆ. "ಇಂಡಿಯಾ ಮ್ಯಾಪ್ ಬಂತು" ಅಂತ ಬರೆದಿದ್ದು ಅವರೇ. ಅತ್ತಿಗೆ ಹೋದ ಮೇಲೆ ಅವರು ಆ ಗ್ರೂಪಿನಲ್ಲಿ ಎಷ್ಟು ಸಲ ತಮಾಷೆ ಮಾಡಿದ್ದರು, ನೆನಪು ಮಾಡಿಕೊಂಡು ನೋಡಿ. ಅವರು ಅವತ್ತು ನಿಮ್ಮನ್ನೆಲ್ಲ ನಗೋಕೆ ಕರೆದಿದ್ದರು. ಕರೆದಾಗ ಮನೆಯ ಹುಡುಗಿ ಸಾವಿನ ಗುರುತು ಹಿಡಿದುಕೊಂಡು ಬಂದಳು ಅಂತ ಅವರಿಗೆ ಕಂಡಿದೆ. ನಿಜವಾಗಿ ಅವಳು ಅವರು ಕೇಳಿದ್ದನ್ನೇ ಕೊಟ್ಟಿದ್ದಳು. ಇದನ್ನು ಅವರಿಗೆ ತಲುಪಿಸುವುದೇ ಈಗಿನ ಕೆಲಸ.

ಹಾಗಾದರೆ ಮಗಳ ತಪ್ಪೇ ಇಲ್ಲವಾ? ಇದೆ, ಸ್ವಲ್ಪ ಇದೆ. ಕಾಲೇಜು ಗೆಳೆಯರ ಗ್ರೂಪಿಗೆ ಹಾಕುವುದನ್ನು ಯೋಚನೆ ಮಾಡದೆ ದೊಡ್ಡವರಿರುವ ಗ್ರೂಪಿಗೆ ಹಾಕಿದಳು. ಆದ್ದರಿಂದ ಕ್ಷಮೆ ಕೇಳಲಿ, ಆದರೆ ನೀವು ಕೇಳಿಸಬೇಡಿ. ನೀವು ಫೋನ್ ಹಿಡಿದು "ತಗೋ, ಮಾವನಿಗೆ ಸಾರಿ ಹೇಳು" ಅಂದರೆ ಅದು ಶಾಲೆಯ ಹೆಡ್‌ಮಾಸ್ಟರ್ ಮುಂದೆ ನಿಲ್ಲಿಸಿದ ಹಾಗೆ ಆಗುತ್ತದೆ. ಅವಳೇ ಮಾಡಲಿ. ಮೆಸೇಜ್ ಬೇಡ, ಫೋನು. ಬರಹದಲ್ಲಿ ಕೆಟ್ಟದ್ದನ್ನು ಮತ್ತೆ ಬರಹದಲ್ಲೇ ಸರಿ ಮಾಡಲು ಹೋದರೆ ಇನ್ನೊಂದು ಚುಕ್ಕಿಯೋ ಚಿಹ್ನೆಯೋ ಎಡವಟ್ಟು ಮಾಡುತ್ತದೆ.

ಮಾತಿನ ಕ್ರಮ ಮುಖ್ಯ. "ಮಾವ, ಅದು ಅಂದ್ರೆ ನಗು ಅಂತ ಅರ್ಥ, ನಿಮಗೆ ಗೊತ್ತಿಲ್ಲ" ಅಂತ ಶುರು ಮಾಡಿದರೆ ಕೆಲಸ ಕೆಟ್ಟಿತು. ಮೊದಲು ಅವರ ನೋವು ಬರಬೇಕು, ಅರ್ಥ ಆಮೇಲೆ. ಹೆಚ್ಚು ಕಡಿಮೆ ಹೀಗೆ: "ಮಾವ, ಅತ್ತೆ ಹೋಗಿ ಇನ್ನೂ ಐದು ತಿಂಗಳು. ನಾನು ಅದನ್ನ ಕಳಿಸಬಾರದಿತ್ತು, ಯೋಚನೆ ಮಾಡ್ಲಿಲ್ಲ. ನಿಮ್ಮ ಮ್ಯಾಪ್ ಜೋಕಿಗೆ ತುಂಬ ನಕ್ಕೆ, ನಾವು ಹುಡುಗ್ರು ನಗು ಬಂದ್ರೆ ಅದನ್ನೇ ಹಾಕ್ತೀವಿ." ಇಷ್ಟು ಹೇಳಿ ನಿಲ್ಲಿಸಲಿ. ಅವರು ಬೈದರೆ ಬೈಸಿಕೊಳ್ಳಲಿ. ಮಾತು ಸ್ವಲ್ಪ ಸಡಿಲವಾದರೆ, "ಹಿಟ್ಟು ಬಿಸಿನೀರಲ್ಲಿ ಕಲಸಿದ್ರಾ, ತಣ್ಣೀರಲ್ಲಾ?" ಅಂತ ಕೇಳಲಿ. ಅಂಚು ಒಡೆದು ಮ್ಯಾಪ್ ಆಗಿದ್ದರೆ ಹಿಟ್ಟಿಗೆ ಬಿಸಿ ಸಾಲದೇ ಇದ್ದಿರಬಹುದು.

"ಡಿಲೀಟ್ ಫಾರ್ ಎವ್ರಿಒನ್ ಮಾಡಿಬಿಡ್ಲಾ?" ಅಂತ ಮಗಳು ಕೇಳಿದರೆ ಬೇಡ ಅನ್ನಿ. ಹೇಗೂ ಅದಕ್ಕೆ ಸುಮಾರು ಎರಡೂವರೆ ದಿನ ಮಾತ್ರ ಅವಕಾಶ, ಹೋದ ಭಾನುವಾರದ್ದಕ್ಕೆ ಅದು ಮುಗಿದಿದೆ. ಅವಕಾಶ ಇದ್ದಿದ್ದರೂ ಅಲ್ಲಿ 'ಮೆಸೇಜ್ ಅಳಿಸಲಾಗಿದೆ' ಅನ್ನುವ ಗುರುತು ಉಳಿಯುತ್ತದೆ. ಗ್ರೂಪಿನಲ್ಲಿದ್ದ ಉಳಿದವರೆಲ್ಲ ಏನಿತ್ತು, ಏನಿತ್ತು ಅಂತ ಕೇಳಲು ಶುರು ಮಾಡುತ್ತಾರೆ. ಹಾಗೆಯೇ 'ಹೊಸ ಪೀಳಿಗೆಯ ಎಮೋಜಿ ಅರ್ಥಗಳು' ಅಂತ ಯಾವುದಾದರೂ ಲಿಂಕ್ ಹುಡುಕಿ ಅಣ್ಣನಿಗೆ ಫಾರ್ವರ್ಡ್ ಮಾಡಲು ಹೋಗಬೇಡಿ. ದುಃಖದಲ್ಲಿ ಇರುವವರಿಗೆ ಪಾಠ ಬೇಕಾಗಿರುವುದಿಲ್ಲ.

ಇನ್ನು ನಿಮ್ಮ 🙂 ವಿಷಯ. ಅವಳ ಭಯ ನಾಟಕ ಅಲ್ಲ. ಆ ಮುಖವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಬಾಯಿ ಒಂದು ಚೂರು ಮೇಲೆ ಬಾಗಿದೆ, ಕಣ್ಣು ಮಾತ್ರ ನಗುತ್ತಿಲ್ಲ, ಎರಡು ಚುಕ್ಕಿ ನೆಟ್ಟಗೆ ನಿಮ್ಮನ್ನೇ ನೋಡುತ್ತಿವೆ. ನಿಮಗೆ ಅದು ಗಂಭೀರವಾದ, ಮರ್ಯಾದೆಯ ಮುಗುಳ್ನಗೆ. ಅವಳಿಗೆ ಅದು ಸಿಟ್ಟು ನುಂಗಿಕೊಂಡು ತುಟಿ ಮಾತ್ರ ಎಳೆದ ಮುಖ. "ಅಮ್ಮ, ಈ ವಾರ ಊರಿಗೆ ಬರೋಕಾಗಲ್ಲ" ಅಂತ ಅವಳು ಬರೆದು, ನೀವು "ಸರಿ. 🙂" ಅಂತ ಉತ್ತರ ಕೊಟ್ಟರೆ ಅವಳ ಕಿವಿಗೆ ಬೀಳುವುದು "ಆಯ್ತಮ್ಮ, ನಿನ್ನಿಷ್ಟ" ಅನ್ನುವ ಧಾಟಿ.

ಅಲ್ಲಿ ಆ ಪೂರ್ಣವಿರಾಮದ ಪಾಲೂ ಇದೆ. ನಮಗೆ ವಾಕ್ಯ ಮುಗಿದರೆ ಚುಕ್ಕಿ, ಹಾಗೇ ಕಲಿತಿದ್ದು. ಚಾಟ್ ಮಾಡುತ್ತಲೇ ಬೆಳೆದವರಿಗೆ ಮೆಸೇಜ್ ಕಳಿಸಿದರೇನೇ ವಾಕ್ಯ ಮುಗಿದ ಹಾಗೆ. ಅದರ ಮೇಲೂ ಚುಕ್ಕಿ ಇಟ್ಟರೆ ಬೇಕಂತಲೇ ಇಟ್ಟಿದ್ದಾರೆ ಅನಿಸುತ್ತದೆ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು ಕಾಲೇಜು ವಿದ್ಯಾರ್ಥಿಗಳಿಗೆ ಚುಟುಕು ಉತ್ತರಗಳನ್ನು ತೋರಿಸಿದ್ದರು. ಚುಕ್ಕಿ ಇದ್ದ ಮೊಬೈಲ್ ಮೆಸೇಜು ಅಷ್ಟು ಮನಸಾರೆ ಬರೆದಿದ್ದಲ್ಲ ಅಂತ ಅವರಿಗೆ ಕಂಡಿತು. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದಾಗ ಚುಕ್ಕಿಯಿಂದ ಏನೂ ವ್ಯತ್ಯಾಸ ಆಗಲಿಲ್ಲ. ನಿಮ್ಮ ಕಷ್ಟ ಇಲ್ಲಿಯೇ ಇದೆ. ನೀವು ಮೊಬೈಲಿನಲ್ಲಿ ಚೀಟಿ ಬರೆಯುತ್ತಿದ್ದೀರಿ. ಮಗಳಿಗೆ ಬರೆಯುವಾಗ ಒಂಟಿ "ಸರಿ." ಬದಲು "ಸರಿ ಪುಟ್ಟಾ, ಮುಂದಿನ ವಾರ ಬಾ" ಅಂತ ಬರೆದರೆ ಸಾಕು. ಚಿಹ್ನೆಯೇ ಬೇಡ.

ನೀವೂ ಅವಳ ಮೆಸೇಜನ್ನು ಓದಲು ಸ್ವಲ್ಪ ಕಲಿಯಬೇಕು, ಯಾಕೆಂದರೆ 😭 ಬಂದಾಗ ಅದು ನಗುವೋ ಅಳುವೋ ತಿಳಿಯದೆ ನೀವು ಒದ್ದಾಡುತ್ತೀರಿ. ಚಿಹ್ನೆಯನ್ನು ಬಿಟ್ಟು ಅದರ ಹಿಂದಿನ ಸಾಲು ನೋಡಿ. ಯಾರೋ ಜೋಕ್ ಹೇಳಿದ ತಕ್ಷಣ ಎರಡು ಮೂರು ಒಟ್ಟಿಗೆ ಬಂದರೆ ನಗು. "ನಾಳೆ ಇಂಟರ್ನಲ್ಸ್ 💀" ಅಂದರೆ ನಗುವಲ್ಲ, "ನನ್ನ ಕಥೆ ಮುಗೀತು" ಅಂತ. ಹಿಂದೆ ತಮಾಷೆ ಇಲ್ಲ, ರಾತ್ರಿ ಹನ್ನೊಂದಕ್ಕೆ "ಅಮ್ಮಾ 😭" ಅಂತ ಒಂದೇ ಬಂತು ಅಂದರೆ ಅರ್ಥ ಹುಡುಕುತ್ತಾ ಕೂರಬೇಡಿ, ಫೋನ್ ಮಾಡಿ. ನಗುವಾಗಿದ್ದರೆ ಅವಳು ನಿಮ್ಮನ್ನು ಗೇಲಿ ಮಾಡುತ್ತಾಳೆ, ಮಾಡಲಿ ಬಿಡಿ.

ಅಣ್ಣನ ವಿಷಯಕ್ಕೆ ಬಂದರೆ, ಮಗಳ ಫೋನನ್ನೂ ಅವರು ಎತ್ತದೇ ಇರಬಹುದು. ಹಾಗಾದರೆ ಅವಳು ಊರಿಗೆ ಬಂದಾಗ ಇಬ್ಬರೂ ಬೆಳಗ್ಗೆ ಬಸ್ಸಿಗೆ ಸಾಗರಕ್ಕೆ ಹೋಗಿ. ತಿಂಡಿಗೆ ಮುಂಚೆ ತಲುಪಿದರೆ ಒಳ್ಳೆಯದು, ಅಡುಗೆಮನೆಯಲ್ಲೇ ಮಾತಾಡಬಹುದು. ಗ್ರೂಪಿಗೆ ಮಾತ್ರ ನೀವಾಗಿಯೇ ಸೇರಿಸಬೇಡಿ, ರಾಜಿ ಆದ ಸಂಭ್ರಮದಲ್ಲೂ ಬೇಡ. ಐದು ತಿಂಗಳಿಂದ ಆ ಗ್ರೂಪಿನ ಗುಡ್ ಮಾರ್ನಿಂಗ್‌ಗಳು, ಮದುವೆ ಫೋಟೋಗಳು ಅವರಿಗೆ ಸಾಕಾಗಿ ಹೋಗಿರಲೂಬಹುದು. ಬುರುಡೆ ಬರೀ ಒಂದು ನೆಪವೂ ಆಗಿದ್ದಿರಬಹುದು. "ಸೇರಿಸ್ಲಾ, ಬೇಡ್ವಾ?" ಅಂತ ಒಂದು ಸಲ ಕೇಳಿ. ಬೇಡ ಅಂದರೆ ರೊಟ್ಟಿ ಫೋಟೋಗಳನ್ನು ನಿಮ್ಮ ನಂಬರಿಗೆ, ಮಗಳ ನಂಬರಿಗೆ ನೇರವಾಗಿ ಕಳಿಸಲಿ.